ನೈಟ್ರೋ ಕೋಲ್ಡ್ ಬ್ರೂ: ಎರಡನೇ ಲೋಟದ ನಂತರ ನೊರೆ ಯಾಕೆ ಸಾಯುತ್ತದೆ?

ವಾರ 1

ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿಯೇ ಕೋಲ್ಡ್ ಬ್ರೂ, ಅದಕ್ಕೆ ನೈಟ್ರೋಜನ್ ಗ್ಯಾಸ್ ತುಂಬಿದರೆ ನೈಟ್ರೋ ಕೋಲ್ಡ್ ಬ್ರೂ. ಅದನ್ನು ಮನೆಯಲ್ಲೇ ಮಾಡುವ ಕಿಟ್ ಕೊನೆಗೂ ಬಂತು. ಎರಡು ಲೀಟರ್ ಹಿಡಿಯುವ ಸ್ಟೀಲ್ ಕೆಗ್, ಮುಚ್ಚಳದ ಮೇಲೆ ಒತ್ತಡ ತೋರಿಸುವ ಗೇಜ್, ಪಕ್ಕದಲ್ಲಿ ಒಂದು ಪುಟ್ಟ ನಲ್ಲಿ. ನಲ್ಲಿಯ ಬಾಯಿ ಬಿಚ್ಚಿದರೆ ಒಳಗೆ ಹತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದಾದ ಒಂದು ಬಿಲ್ಲೆ ಇದೆ. ಅದರಲ್ಲಿ ಐದು ಸಣ್ಣ ತೂತು. ಇಡೀ ಯಂತ್ರದಲ್ಲಿ ಮುಖ್ಯವಾದ ಭಾಗ ಇದೇ. ಕಾಫಿ ಒತ್ತಡದಿಂದ ಬಂದು ಈ ತೂತುಗಳಲ್ಲಿ ನುಗ್ಗುವಾಗ, ಅದರಲ್ಲಿ ಕರಗಿದ್ದ ನೈಟ್ರೋಜನ್ ಒಮ್ಮೆಲೇ ಹೊರಗೆ ಬಂದು ಲಕ್ಷಾಂತರ ಸಣ್ಣ ಗುಳ್ಳೆಗಳಾಗುತ್ತದೆ.

ಇದು ಕಾಫಿಯವರು ಕಂಡುಹಿಡಿದದ್ದಲ್ಲ. ಐರ್ಲೆಂಡ್‌ನ ಗಿನ್ನೆಸ್ 1959ರಲ್ಲೇ ಬಿಯರಿಗೆ ನೈಟ್ರೋಜನ್ ತಂದಿತ್ತು. 1988ರಲ್ಲಿ ಅದನ್ನು ಕ್ಯಾನಿಗೂ ತಂದರು. ಕ್ಯಾನಿನೊಳಗೆ ಸಣ್ಣ ತೂತಿರುವ ಒಂದು ಪ್ಲಾಸ್ಟಿಕ್ ತುಣುಕು, ಹೆಸರು ವಿಜೆಟ್. ಕ್ಯಾನ್ ತೆರೆದ ತಕ್ಷಣ ಕ್ಯಾನಿನ ಒತ್ತಡ ಬಿದ್ದುಹೋಗುತ್ತದೆ, ವಿಜೆಟ್ ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಆ ತೂತಿನಿಂದ ಚಿಮ್ಮಿ ಇಡೀ ಕ್ಯಾನನ್ನು ಕಲಕುತ್ತದೆ. ಕಾಫಿಯವರು ಇದನ್ನು ಕೈಗೆತ್ತಿಕೊಂಡದ್ದು 2012–13ರ ಹೊತ್ತಿಗೆ, ಅಮೆರಿಕದ ಆಸ್ಟಿನ್ ಮತ್ತು ಪೋರ್ಟ್‌ಲ್ಯಾಂಡ್ ಕಡೆ. ಈಗ ಸಿಗುವ ಎಲ್ಲಾ ಕ್ಯಾನುಗಳಲ್ಲೂ ವಿಜೆಟ್ ಇರುವುದಿಲ್ಲ. ಎಷ್ಟೋ ಕಡೆ ಕ್ಯಾನ್ ಮುಚ್ಚುವ ಮುನ್ನ ಒಂದು ಹನಿ ದ್ರವ ನೈಟ್ರೋಜನ್ ಬಿಡುತ್ತಾರೆ. ಅದು ಒಳಗೇ ಆವಿಯಾಗಿ ಒತ್ತಡ ಕೊಡುತ್ತದೆ. ಅಂಥ ಕ್ಯಾನನ್ನು ಕುಲುಕಿ, ತೆರೆದು, ಲೋಟದ ಮೇಲೆ ನೇರವಾಗಿ ತಲೆಕೆಳಗು ಮಾಡಬೇಕು. ಮೆಲ್ಲಗೆ ಓರೆ ಮಾಡಿ ಸುರಿದರೆ ಬರೀ ಕೋಲ್ಡ್ ಬ್ರೂ ಕುಡಿದ ಹಾಗೆ.

ವಾರ 2

ಮೊದಲ ಸುತ್ತು ತಪ್ಪು ಗ್ಯಾಸಿನಿಂದ ಹಾಳಾಯಿತು. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ವಿಪ್ಡ್ ಕ್ರೀಮ್ ಕಾರ್ಟ್ರಿಡ್ಜ್ ತಂದೆ. ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, N2O. ನಮಗೆ ಬೇಕಾದದ್ದು ಬರೀ ನೈಟ್ರೋಜನ್, N2. ಎರಡೂ ನೋಡಲು ಒಂದೇ ಥರದ ಬೆಳ್ಳಿ ಬಣ್ಣದ ಪುಟ್ಟ ಉಂಡೆ, ಎರಡೂ ಒಂದೇ ಹಿಡಿಯಲ್ಲಿ ಕೂರುತ್ತವೆ.

N2O ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಲೋಟಕ್ಕೆ ಬಿದ್ದ ಮೇಲೂ ಉಬ್ಬುತ್ತಲೇ ಇತ್ತು. ದೊಡ್ಡ ಗುಳ್ಳೆ, ಸೋಪಿನ ನೊರೆಯಂಥ ತಲೆ, ನಾಲಿಗೆಗೆ ಬೇಡದ ಸಿಹಿ. ಒಂದೇ ನಿಮಿಷದಲ್ಲಿ ನೊರೆ ಒಡೆದು ಹೋಯಿತು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ N2 ಅಂತಲೇ ಇದೆಯಾ ನೋಡಿ. ತೂಕವೂ ಹೇಳುತ್ತದೆ: N2O ಒತ್ತಡದಲ್ಲಿ ದ್ರವವಾಗುತ್ತದೆ, ಆದ್ದರಿಂದ ಅಷ್ಟೇ ಗಾತ್ರದ ಉಂಡೆಯಲ್ಲಿ 8 ಗ್ರಾಂ ಹಿಡಿಯುತ್ತದೆ. ನೈಟ್ರೋಜನ್ ಮನೆಯ ಬಿಸಿಯಲ್ಲಿ ದ್ರವವಾಗುವುದೇ ಇಲ್ಲ, ಹಾಗಾಗಿ ಅದರಲ್ಲಿ ಇರುವುದು ಸುಮಾರು 2.4 ಗ್ರಾಂ ಮಾತ್ರ. ಈ ಸಣ್ಣ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾರ 3

ಸರಿಯಾದ ಕಾರ್ಟ್ರಿಡ್ಜ್ ಬಂತು. ಚಿಕ್ಕಮಗಳೂರಿನ ಅರೇಬಿಕಾ, ಚಿಕೋರಿ ಇಲ್ಲದ್ದು, ರವೆಗಿಂತ ತರಿಯಾಗಿ ಬೀಸಿದ್ದು. ಒಂದು ಲೀಟರ್ ನೀರಿಗೆ 100 ಗ್ರಾಂ ಪುಡಿಯ ಲೆಕ್ಕ. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಂಡುಬಿಡುತ್ತದೆ, ಅದನ್ನೂ ಸೇರಿಸಿಕೊಂಡು ನೆನೆಸಬೇಕು. ಫ್ರಿಜ್ಜಿನಲ್ಲಿ 16 ಗಂಟೆ ಇಟ್ಟು ಬಟ್ಟೆಯಲ್ಲಿ ಸೋಸಿದೆ.

ಕೆಗ್ಗಿಗೆ ಒಂದೂವರೆ ಲೀಟರ್ ಕಾಫಿ, ಒಂದು ಕಾರ್ಟ್ರಿಡ್ಜ್, ಅರ್ಧ ನಿಮಿಷ ಜೋರಾಗಿ ಕುಲುಕಿದೆ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಗೇಜ್ 55ರಿಂದ 60 ಪಿಎಸ್‌ಐ ನಡುವೆ ನಿಂತಿತ್ತು. ಕಾರಿನ ಟೈರಿಗೆ ಹಾಕುವ ಗಾಳಿಯ ಹತ್ತಿರ ಹತ್ತಿರ ಎರಡರಷ್ಟು.

ಮೊದಲ ಲೋಟ! ಗಾಜಿನ ಲೋಟಕ್ಕೆ ನಲ್ಲಿ ಪೂರ್ತಿ ತಿರುಗಿಸಿದೆ. ಮೊದಲು ಎಲ್ಲಾ ಒಂದೇ ಬಣ್ಣ, ಹಾಲು ಬೆರೆಸಿದ ಕಾಫಿಯ ಹಾಗೆ. ಆಮೇಲೆ ಲೋಟದ ಅಂಚಿನಲ್ಲಿ ಅಲೆ ಅಲೆಯಾಗಿ ಗುಳ್ಳೆ ಕೆಳಗೆ ಇಳಿಯಲು ಶುರುವಾಯಿತು. ತಳದಿಂದ ಕಪ್ಪು ನಿಧಾನವಾಗಿ ಮೇಲೇರಿತು. ಪೂರ್ತಿ ತಿಳಿಯಾಗಲು ಒಂದೂವರೆ ನಿಮಿಷ ಹಿಡಿಯಿತು, ಮೇಲೆ ಒಂದು ಬೆರಳು ದಪ್ಪದ ನೊರೆ. ಗುಳ್ಳೆ ಹಗುರ, ಆದರೂ ಕೆಳಗಿಳಿಯುತ್ತದೆ ಅಲ್ವಾ? ಇದಕ್ಕೆ ಕಾರಣ ಲೋಟದ ಆಕಾರ ಅಂತ ಐರ್ಲೆಂಡ್‌ನ ಲಿಮರಿಕ್ ವಿಶ್ವವಿದ್ಯಾಲಯದವರು 2012ರಲ್ಲಿ ವಿವರಿಸಿದ್ದಾರೆ. ಬಾಯಿ ಅಗಲವಾದ ಲೋಟದಲ್ಲಿ ಗುಳ್ಳೆಗಳು ನೇರ ಮೇಲೇಳುತ್ತಾ ಓರೆ ಗೋಡೆಯಿಂದ ದೂರ ಸರಿಯುತ್ತವೆ. ಗೋಡೆಯ ಪಕ್ಕದಲ್ಲಿ ಗುಳ್ಳೆ ಕಡಿಮೆಯಾಗಿ ಅಲ್ಲಿನ ದ್ರವ ಭಾರವಾಗುತ್ತದೆ, ಕೆಳಗೆ ಜಾರುತ್ತದೆ, ಸಣ್ಣ ಗುಳ್ಳೆಗಳನ್ನೂ ಎಳೆದುಕೊಂಡು ಹೋಗುತ್ತದೆ. ನಡುವೆ ಎಲ್ಲವೂ ಮೇಲಕ್ಕೇ ಹೋಗುತ್ತಿರುತ್ತದೆ, ಕಪ್ಪು ಕಾಫಿಯಲ್ಲಿ ನಮಗೆ ಕಾಣುವುದಿಲ್ಲ ಅಷ್ಟೇ. ಸ್ಟೀಲ್ ಲೋಟಕ್ಕೆ ಬಿಟ್ಟುಕೊಂಡರೆ ಈ ಚಂದವೆಲ್ಲ ತಪ್ಪಿಹೋಗುತ್ತದೆ.

ಅಮ್ಮನಿಗೆ ಒಂದು ಗುಟುಕು ಕೊಟ್ಟೆ. "ಇದಕ್ಕೆ ಹಾಲು ಹಾಕಿದ್ದೀಯೇನೋ?" ಅಂದರು. ಇಲ್ಲ ಅಂದೆ. "ಮತ್ತೆ ಬಾಯಿಗೆ ಕೆನೆ ಕೆನೆಯಾಗಿ ಸಿಗ್ತಿದೆಯಲ್ಲ" ಅಂತ ಇನ್ನೊಂದು ಗುಟುಕು ತೆಗೆದುಕೊಂಡರು.

ನೈಟ್ರೋಜನ್ ಮಾಡುವುದು ಅದನ್ನೇ. ಒಂದು ಲೀಟರ್ ತಣ್ಣೀರಿನಲ್ಲಿ ಸಾಧಾರಣ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತಿರ ಹತ್ತಿರ ಒಂದೂವರೆ ಲೀಟರಿನಷ್ಟು ಕರಗುತ್ತದೆ. ನೈಟ್ರೋಜನ್ ಕರಗುವುದು ಸುಮಾರು 20 ಮಿಲಿ ಮಾತ್ರ. ನನ್ನ ಕೆಗ್ಗಿನ ಒತ್ತಡದಲ್ಲಿ ಲೀಟರಿಗೆ 100 ಮಿಲಿ ಅಂದುಕೊಳ್ಳಿ. ಅಂದರೆ ಒಂದು ಲೋಟಕ್ಕೆ ಬರುವ ಗ್ಯಾಸ್ ನಾಲ್ಕೈದು ಚಮಚದಷ್ಟು. ಅಷ್ಟೇ ಗ್ಯಾಸ್ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ಒಡೆದು ನಿಲ್ಲುತ್ತದೆ. ನೈಟ್ರೋಜನ್ ನೀರಿನಲ್ಲಿ ಕರಗಲು ಒಲ್ಲದ್ದರಿಂದ, ಸಣ್ಣ ಗುಳ್ಳೆಯ ಗ್ಯಾಸ್ ಸೋರಿ ಪಕ್ಕದ ದೊಡ್ಡ ಗುಳ್ಳೆಗೆ ಸೇರುವುದು ತುಂಬಾ ನಿಧಾನ. ಹಾಗಾಗಿ ನೊರೆ ನುಣುಪಾಗಿಯೇ ಉಳಿಯುತ್ತದೆ. ಸೋಡಾದ ಹಾಗೆ ಅದು ನೀರಿನೊಂದಿಗೆ ಸೇರಿ ಆಮ್ಲ ಆಗುವುದಿಲ್ಲ, ಆದ್ದರಿಂದ ಚುರುಕಿಲ್ಲ, ಹುಳಿಯಿಲ್ಲ. ಸಕ್ಕರೆ ಇಲ್ಲದಿದ್ದರೂ ಕಹಿ ಮೆತ್ತಗಾದಂತೆ ಅನ್ನಿಸುತ್ತದೆ.

ನಾವು ಡವರಾ ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ನೊರೆ ಬರಿಸುತ್ತೇವಲ್ಲ, ಆ ಗಾಳಿಯಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ. ಅಲ್ಲಿ ನೊರೆಯನ್ನು ಹಿಡಿದು ನಿಲ್ಲಿಸುವುದು ಹಾಲು. ಇಲ್ಲಿ ಹಾಲಿಲ್ಲ, ಹಾಗಾಗಿ ಗುಳ್ಳೆ ಅಷ್ಟು ಸಣ್ಣದಾಗಲೇಬೇಕು.

ಎರಡನೇ ಲೋಟ ಚೆನ್ನಾಗಿತ್ತು. ಮೂರನೆಯದರಲ್ಲಿ ನೊರೆ ಅರ್ಧ ಬೆರಳು. ನಾಲ್ಕನೆಯದರಲ್ಲಿ ತೆಳುವಾದ ಒಂದು ಉಂಗುರ. ಐದನೆಯದು ಸುಮ್ನೆ ಕೋಲ್ಡ್ ಬ್ರೂ.

ವಾರ 4

ಮೊದಲು ನಲ್ಲಿಯ ಮೇಲೆ ಅನುಮಾನ ಬಂತು. ಬಿಲ್ಲೆ ಬಿಚ್ಚಿ ಬೆಳಕಿಗೆ ಹಿಡಿದರೆ ಐದರಲ್ಲಿ ಎರಡು ತೂತು ಮುಚ್ಚಿಹೋಗಿದ್ದವು. ಬಟ್ಟೆ ಸೋಸಿದ ಮೇಲೂ ಉಳಿದ ನುಣ್ಣನೆ ಪುಡಿ ಅಲ್ಲಿ ಕೂತಿತ್ತು. ಇದು ಬಿಚ್ಚದೆಯೂ ಗೊತ್ತಾಗುತ್ತದೆ: ಕಾಫಿ ನೇರ ಬೀಳದೆ ಒಂದು ಪಕ್ಕಕ್ಕೆ ಚಿಮ್ಮುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಿನ ಬ್ರಶ್‌ನಿಂದ ಉಜ್ಜಿದೆ. ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಬಿಲ್ಲೆ ಕೆಲಸಕ್ಕೆ ಬಾರದು. ಈಗ ಬಟ್ಟೆಯ ನಂತರ ಪೇಪರ್ ಫಿಲ್ಟರಿನಲ್ಲೂ ಸೋಸುತ್ತೇನೆ. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಆದರೆ ನೊರೆಯೂ ಹೆಚ್ಚು ಹೊತ್ತು ನಿಲ್ಲುತ್ತಿದೆ.

ಇಷ್ಟಾದರೂ ಮೂರನೇ ಲೋಟದ ಕಥೆ ಬದಲಾಗಲಿಲ್ಲ. ಆಗ ಪೆನ್ನು ಹಿಡಿದು ಕೂತೆ.

2.4 ಗ್ರಾಂ ನೈಟ್ರೋಜನ್ ಫ್ರಿಜ್ಜಿನ ತಂಪಿನಲ್ಲಿ, ಸಾಧಾರಣ ಒತ್ತಡದಲ್ಲಿ, ಸುಮಾರು 2 ಲೀಟರ್ ಜಾಗ ಹಿಡಿಯುತ್ತದೆ. ಕೆಗ್ಗಿನಲ್ಲಿ ಕಾಫಿಯ ಮೇಲೆ ಖಾಲಿ ಇರುವುದು ಅರ್ಧ ಲೀಟರ್, ಅಲ್ಲಿ ಮೊದಲೇ ಅರ್ಧ ಲೀಟರ್ ಗಾಳಿ ಇದೆ. ಒಟ್ಟು ಎರಡೂವರೆ ಲೀಟರ್ ಗ್ಯಾಸನ್ನು ಅರ್ಧ ಲೀಟರಿಗೆ ತುರುಕಿದ ಹಾಗಾಯಿತು. ಐದು ಪಟ್ಟು ಒತ್ತಡ. ಹೊರಗಿನ ಗಾಳಿಯ ಪಾಲು ಕಳೆದರೆ ಗೇಜಿನಲ್ಲಿ 58 ಪಿಎಸ್‌ಐ. ಬೆಳಗ್ಗೆ ನೋಡಿದ್ದು ಇದೇ ತಾನೇ.

ಈಗ 250 ಮಿಲಿ ಲೋಟ ತುಂಬಿಸಿ. ಕಾಫಿ ಹೋದ ಜಾಗಕ್ಕೆ ಗ್ಯಾಸ್ ಹರಡಿಕೊಳ್ಳುತ್ತದೆ. ಖಾಲಿ ಜಾಗ ಮುಕ್ಕಾಲು ಲೀಟರ್, ಒತ್ತಡ 34ಕ್ಕೆ ಇಳಿಯುತ್ತದೆ. ಎರಡನೇ ಲೋಟದ ನಂತರ 22. ಮೂರನೆಯದರ ನಂತರ 14. ನಾಲ್ಕನೆಯದರ ನಂತರ 10. ಕಾಫಿ ಅಂಗಡಿಯ ನಲ್ಲಿಯ ಹಿಂದೆ ದೊಡ್ಡ ಸಿಲಿಂಡರ್ ಇದ್ದು, ರೆಗ್ಯುಲೇಟರ್ ಕೊನೆಯ ಹನಿಯವರೆಗೂ ಒಂದೇ ಒತ್ತಡ ಕೊಡುತ್ತದೆ. ನನ್ನದರಲ್ಲಿ ಪ್ರತಿ ಲೋಟವೂ ಹಿಂದಿನದಕ್ಕಿಂತ ಮೆತ್ತಗೆ ಬರುತ್ತದೆ. ಕೆಟ್ಟದ್ದು ಏನೂ ಇರಲಿಲ್ಲ, ನಾನು ತುಂಬಿಸಿದ ರೀತಿ ತಪ್ಪಾಗಿತ್ತು.

ವಾರ 5

ಲೆಕ್ಕ ತಿರುಗಿಸಿ ಹಾಕಿದೆ. ಕೆಗ್ ಅರ್ಧ ಮಾತ್ರ ತುಂಬಿಸಿ, ಎರಡು ಕಾರ್ಟ್ರಿಡ್ಜ್ ಬಿಟ್ಟರೆ? ಒಂದು ಲೀಟರ್ ಕಾಫಿ, ಮೇಲೆ ಒಂದು ಲೀಟರ್ ಖಾಲಿ. ಒಳಗೆ ನಾಲ್ಕು ಲೀಟರ್ ನೈಟ್ರೋಜನ್, ಒಂದು ಲೀಟರ್ ಗಾಳಿ. ಶುರುವಿನಲ್ಲಿ ಅದೇ ಐದು ಪಟ್ಟು, ಅದೇ 58. ಆದರೆ ಇಳಿಯುವುದು ನಿಧಾನ: ಒಂದು ಲೋಟದ ನಂತರ 43, ಎರಡರ ನಂತರ 34, ಮೂರರ ನಂತರ 27. ನಾಲ್ಕನೇ ಲೋಟ ತುಂಬಲು ಇನ್ನೂ ಸಾಕಷ್ಟು ದಮ್ಮು ಉಳಿದಿರುತ್ತದೆ.

ಒಂದು ಮಾತು ಜಾಗ್ರತೆ. ಒಂದೂವರೆ ಲೀಟರ್ ಕಾಫಿ ತುಂಬಿದ ಕೆಗ್ಗಿಗೆ ಎರಡು ಕಾರ್ಟ್ರಿಡ್ಜ್ ಬಿಟ್ಟರೆ ಒತ್ತಡ 100 ಪಿಎಸ್‌ಐ ದಾಟಿಬಿಡುತ್ತದೆ. ನಿಮ್ಮ ಕೆಗ್ಗಿನ ಮೇಲೆ ಬರೆದಿರುವ ಮಿತಿ ಓದಿ, ಸೇಫ್ಟಿ ವಾಲ್ವ್ ಕೆಲಸ ಮಾಡುತ್ತದೆಯಾ ನೋಡಿ. ಎರಡನೆಯದನ್ನು ಹಾಕುವ ಮುನ್ನ ಗೇಜ್ ನೋಡುವುದು ಬಿಡಬೇಡಿ.

ಭಾನುವಾರ ಬೆಳಗ್ಗೆ ನಾಲ್ಕು ಲೋಟ ಬಿಟ್ಟೆ. ಮೊದಲ ಮೂರಕ್ಕೂ ಒಂದು ಬೆರಳು ನೊರೆ ಬಂತು. ನಾಲ್ಕನೆಯದಕ್ಕೆ ಮುಕ್ಕಾಲು ಬೆರಳು, ಗುಳ್ಳೆ ಇಳಿಯುವುದು ಒಂದು ನಿಮಿಷ ಕಾಣಿಸಿತು. ಮನೆಯ ಕಿಟ್ ಕೆಲಸ ಮಾಡುತ್ತದಾ ಅಂತ ಕೇಳಿದರೆ ಈಗ ಧೈರ್ಯವಾಗಿ ಹೌದು ಅನ್ನುತ್ತೇನೆ. ಆದರೆ ಎರಡು ಲೀಟರಿನ ಕೆಗ್ ಅಂದರೆ ಒಂದು ಲೀಟರ್ ಕಾಫಿಯ ಕೆಗ್ ಅಂತಲೇ ಕೊಳ್ಳಬೇಕು.

ಉಳಿದದ್ದನ್ನು ಹೊರಗೆ ಇಡುವುದಿಲ್ಲ. ಕೋಲ್ಡ್ ಬ್ರೂನಲ್ಲಿ ಹುಳಿ ಕಡಿಮೆ. ಮುಚ್ಚಿದ ಪಾತ್ರೆಯಲ್ಲಿ ಆಮ್ಲಜನಕವೂ ಇಲ್ಲದಿದ್ದರೆ, ಬೆಚ್ಚಗಿನ ಜಾಗದಲ್ಲಿ ಬಾಟ್ಯುಲಿಸಮ್ ಅನ್ನುವ, ಜೀವಕ್ಕೇ ಅಪಾಯವಾಗಬಲ್ಲ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. 2017ರಲ್ಲಿ ಅಮೆರಿಕದ ಒಂದು ಕಾಫಿ ಕಂಪನಿ ಇದೇ ಭಯಕ್ಕೆ ತನ್ನ ನೈಟ್ರೋ ಕ್ಯಾನುಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಕೆಗ್ ಯಾವಾಗಲೂ ಫ್ರಿಜ್ಜಿನಲ್ಲೇ ಇರುತ್ತದೆ, ಮೂರು ದಿನದಲ್ಲಿ ಖಾಲಿ ಮಾಡುತ್ತೇವೆ.

ಮುಂದಿನ ಸುತ್ತಿಗೆ ಒಂದೇ ಬದಲಾವಣೆ. ಕೆಗ್ಗಿನೊಳಗಿನ ಆ ಒಂದು ಲೀಟರ್ ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ, ಎರಡನೇ ದಿನಕ್ಕೆ ಕಾಫಿಯ ಪರಿಮಳ ಸ್ವಲ್ಪ ಮಂಕಾಗಿತ್ತು. ಮೊದಲ ಕಾರ್ಟ್ರಿಡ್ಜ್ ಬಿಟ್ಟು, ವಾಲ್ವ್ ಎಳೆದು ಒತ್ತಡ ಪೂರ್ತಿ ಹೊರಹಾಕಿ, ಆಮೇಲೆ ಎರಡು ಹೊಸದನ್ನು ಹಾಕಿ ನೋಡುತ್ತೇನೆ. ಲೀಟರಿಗೆ ಮೂರು ಕಾರ್ಟ್ರಿಡ್ಜ್ ಖರ್ಚಾಗುತ್ತದೆ. ಪರಿಮಳ ಉಳಿಯುವುದಾದರೆ ಕೊಡಬಹುದು. ಶನಿವಾರ ರಾತ್ರಿ ಪುಡಿ ನೆನೆಸುತ್ತೇನೆ.