ಹುಲಿ ಕೊಂದ ಬೇಟೆಗಾರ

ಬೆಳಗ್ಗೆಯಿಂದ ತಲೇಲಿ ಒಂದೇ ಸಾಲು ಓಡ್ತಿದೆ, "ಹುಲಿ ಕೊಂದ ಬೇಟೆಗಾರ". ಸತ್ತಿದ್ದು ಯಾರು? ಹುಲಿನೂ ಆಗಬಹುದು, ಬೇಟೆಗಾರನೂ ಆಗಬಹುದು, ಎರಡೂ ಸರಿಯಾದ ಕನ್ನಡವೇ. ಇಂಗ್ಲಿಷ್‌ನಲ್ಲಿ ಬೇಟೆಗಾರ ಮೊದಲು ಬರ್ತಾನೆ, ವಿವರಣೆ ಅವನ ಹಿಂದೆ, ಅಲ್ಲಿ ಹುಲಿ 'ಕಿಲ್ಡ್'ಗೆ ಮುಂಚೆ ಬಂದ್ರೆ ಕೊಂದಿದ್ದು ಹುಲಿ, ಆಮೇಲೆ ಬಂದ್ರೆ ಸತ್ತಿದ್ದು ಹುಲಿ, ಗೊಂದಲಾನೇ ಇಲ್ಲ. ನಮ್ಮಲ್ಲಿ ವಿವರಣೆ ಪೂರ್ತಿ ನಾಮಪದಕ್ಕಿಂತ ಮುಂದೆ, ಅದೂ ಕ್ರಿಯಾಪದ ಕೊನೇಲಿ, ಹಾಗಾಗಿ ಕೊಂದಿದ್ದು ಹುಲಿ ಆದ್ರೂ ಸತ್ತಿದ್ದು ಹುಲಿ ಆದ್ರೂ ಅದಕ್ಕೆ ಜಾಗ ಒಂದೇ, "ಕೊಂದ"ಕ್ಕಿಂತ ಮುಂಚೆ. "ಹುಲಿಯನ್ನು" ಅಂದ್ರೆ ಎಲ್ಲಾ ಕ್ಲಿಯರ್, ಆದ್ರೆ ಪ್ರಾಣಿ, ವಸ್ತುಗಳಿಗೆ ಆ "ಅನ್ನು" ನಾವು ಎಷ್ಟು ಸಲೀಸಾಗಿ ಬಿಟ್ಬಿಡ್ತೀವಿ ನೋಡಿ.

ಆದ್ರೆ ಇದೇ ರಚನೆ ಎಷ್ಟು ಉಳಿತಾಯ ಮಾಡುತ್ತೆ ಅನ್ನೋದೂ ನಂಗೆ ತುಂಬಾ ಇಷ್ಟ. ನಾನು ಬರೆದ ಪತ್ರ, ನಾನು ಬರೆದ ಪೆನ್ನು, ನಾನು ಬರೆದ ದಿನ, ಮೂರಕ್ಕೂ ಅದೇ "ಬರೆದ". ಪೆನ್ನಿಂದ ಬರೆದೆ, ಆ ದಿನ ಬರೆದೆ ಅನ್ನೋ ಸಂಬಂಧ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ, ಕೇಳೋರೇ ತುಂಬ್ಕೋತಾರೆ. ಇಂಗ್ಲಿಷ್‌ನಲ್ಲಿ ಪೆನ್ನಿಗೆ ಒಂದು 'ವಿತ್' ಬೇಕೇ ಬೇಕು.

ತಮಿಳು, ತೆಲುಗು, ಜಪಾನೀಸ್ ಕೂಡ ಹೀಗೇ ವಿವರಣೆ ಮೊದಲು ಇಡ್ತವೆ, ಅವುಗಳಲ್ಲೂ ಕ್ರಿಯಾಪದ ಕೊನೇಲೇ. ವಿಚಿತ್ರ ಅಂದ್ರೆ ಚೈನೀಸ್, ವಾಕ್ಯದಲ್ಲಿ ಇಂಗ್ಲಿಷ್ ತರ ಕ್ರಿಯಾಪದ ಆದ್ಮೇಲೆ ಕರ್ಮ, ಆದ್ರೂ ವಿವರಣೆ ಮಾತ್ರ ನಮ್ಮ ಹಾಗೆ ಮುಂದೆ, ಪ್ರಪಂಚದ ಭಾಷೆಗಳಲ್ಲಿ ಈ ಜೋಡಿ ತೀರಾ ಅಪರೂಪ.