ಆ್ಯಪ್‌ನಲ್ಲಿ ಪಾವತಿ, ಕಚೇರಿಯಲ್ಲಿ ಬಾಕಿ: ಹಿಟ್ಟಿನ ಗಿರಣಿಯ ಬಿಲ್ಲು

19 ಜೂನ್ 2025, ಗುರುವಾರ

ಮೊನ್ನೆ ಮಂಗಳವಾರ ಬೆಳಿಗ್ಗೆ ಊರಿನಿಂದ ಅಪ್ಪ ಫೋನ್ ಮಾಡಿದರು. "ಗಿರಣಿಯ ಕರೆಂಟ್ ಬಿಲ್ಲು ಕಟ್ಟಿದ್ದೀಯೇನಪ್ಪಾ? ಲೈನ್‌ಮನ್ ಬಂದಿದ್ದ, ಬಾಕಿ ತೋರಿಸುತ್ತಿದೆ ಅಂತಾನೆ" ಎಂದರು. ಅವರ ದನಿಯಲ್ಲಿ ಆತಂಕವಿತ್ತು, ಏಕೆಂದರೆ ಅಂದೇ ಬಿಲ್ಲಿನ ಕೊನೆಯ ದಿನ. ಫ್ಯೂಸ್ ಕಿತ್ತರೆ ಬೀಸಲು ತಂದಿಟ್ಟ ಜನರ ರಾಗಿ, ಜೋಳಗಳೆಲ್ಲ ಹಾಗೆಯೇ ಉಳಿಯುತ್ತವೆ. ನಾನು ಆ ಬಿಲ್ಲನ್ನು 13ನೇ ತಾರೀಖು, ಶುಕ್ರವಾರ, ರಾತ್ರಿ 10 ಗಂಟೆ 47 ನಿಮಿಷಕ್ಕೆ ಪಾವತಿ ಆ್ಯಪ್ ಒಂದರ ಮೂಲಕ ಕಟ್ಟಿದ್ದೆ. ನನ್ನ ಬ್ಯಾಂಕ್ ಖಾತೆಯಿಂದ 6,318 ರೂಪಾಯಿ ಕಡಿತವಾಗಿತ್ತು. ಆ್ಯಪ್‌ನಲ್ಲಿ ಹಸಿರು ಗುರುತಿನೊಂದಿಗೆ ಪಾವತಿ ಯಶಸ್ವಿ ಎಂದು ಬಂದಿತ್ತು. ವಿದ್ಯುತ್ ಕಂಪನಿಯ ಜಾಲತಾಣದಲ್ಲಿ ಮಾತ್ರ ಅದೇ 6,318 ರೂಪಾಯಿ ಬಾಕಿ ಎಂದೇ ನಿಂತಿತ್ತು.

ನನಗೆ ಮೊದಲು ಅರ್ಥವಾಗದಿದ್ದುದು ಒಂದೇ. ಹಣ ಕಟ್ಟುವ ಮುನ್ನ ಆ್ಯಪ್‌ನಲ್ಲಿ ಖಾತೆ ಸಂಖ್ಯೆ ಹಾಕಿದ ಕೂಡಲೇ ಅಪ್ಪನ ಹೆಸರು, ಬಿಲ್ಲಿನ ಮೊತ್ತ ಮತ್ತು ಕೊನೆಯ ದಿನಾಂಕ ತೆರೆಯ ಮೇಲೆ ಬಂದಿದ್ದವು. ಅಂದರೆ ಆ್ಯಪ್ ವಿದ್ಯುತ್ ಕಂಪನಿಯ ಲೆಕ್ಕವನ್ನು ನೇರವಾಗಿ ನೋಡಬಲ್ಲದು. ನೋಡಬಲ್ಲುದಾದರೆ ಕಟ್ಟಿದ್ದನ್ನು ಅಲ್ಲಿಯೇ ಬರೆಯುವುದಕ್ಕೇನು ಅಡ್ಡಿ? ಗಿರಣಿಯ ಕಚೇರಿ ಕೆಲಸಕ್ಕಾಗಿ ಅಪ್ಪ ವಿದ್ಯುತ್ ಉಪವಿಭಾಗದ ಕಚೇರಿಗೆ ಹೋಗಿ, ಅಲ್ಲಿನ ಕಂದಾಯ ಶಾಖೆಯ ಸಹಾಯಕಿಯವರ ಕೈಗೆ ಫೋನ್ ಕೊಟ್ಟಾಗ ನಾನು ಇದನ್ನೇ ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಬಿಲ್ಲಿನ ವಿವರವನ್ನು ಓದಿ ಹೇಳುವುದು ಒಂದು ಕೆಲಸ. ಕಟ್ಟಿದ ಹಣವನ್ನು ಗ್ರಾಹಕನ ಖಾತೆಗೆ ಜಮೆ ಬರೆಯುವುದು ಬೇರೆಯೇ ಕೆಲಸ. ಮೊದಲನೆಯದು ಕ್ಷಣದಲ್ಲಿ ಆಗುತ್ತದೆ. ಎರಡನೆಯದನ್ನು ಕೆಲವು ಕಂಪನಿಗಳು ಕೂಡಲೇ ಮಾಡುತ್ತವೆ, ಕೆಲವು ದಿನದ ಕೊನೆಗೆ ಬರುವ ಪಾವತಿ ಪಟ್ಟಿಯ ಕಡತವನ್ನು ನೋಡಿ ಮಾಡುತ್ತವೆ.

ಆ ಬಳಿಕ ನಾನು ಹಣ ಸಾಗುವ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡೆ. ನಮ್ಮ ಬಹುತೇಕ ಬಿಲ್ಲುಗಳು ಮೊದಲು ಬಿಬಿಪಿಎಸ್ ಎಂದು ಕರೆಯುತ್ತಿದ್ದ, ಈಗ ಭಾರತ್ ಕನೆಕ್ಟ್ ಎಂಬ ಹೆಸರಿನ ವ್ಯವಸ್ಥೆಯ ಮೂಲಕ ಹೋಗುತ್ತವೆ. ಗ್ರಾಹಕರ ಕಡೆ ಒಂದು ಸಂಸ್ಥೆ, ಬಿಲ್ಲು ಕೊಡುವ ಕಂಪನಿಯ ಕಡೆ ಮತ್ತೊಂದು ಸಂಸ್ಥೆ ಇದ್ದು, ಇವೆರಡರ ನಡುವೆ ಕೇಂದ್ರ ಘಟಕವಿರುತ್ತದೆ. ನನ್ನ ಬ್ಯಾಂಕಿನಿಂದ ಹಣ ಕಡಿತವಾದ ಮೇಲೆ ಪಾವತಿಯ ಸಂದೇಶ ಈ ಸಾಲಿನಲ್ಲಿ ಮುಂದಕ್ಕೆ ಹೋಗುತ್ತದೆ; ಕಂಪನಿಯ ಕಡೆಯ ಸಂಸ್ಥೆ ಅದನ್ನು ಒಪ್ಪಿಕೊಂಡಾಗ ಆ್ಯಪ್‌ನಲ್ಲಿ ಹಸಿರು ಗುರುತು ಬೀಳುತ್ತದೆ. ನಿಜವಾದ ಹಣವಾದರೋ ಸಾವಿರಾರು ಜನರ ಪಾವತಿಗಳೊಂದಿಗೆ ಒಟ್ಟು ಮೊತ್ತವಾಗಿ ಆಮೇಲೆ ಕಂಪನಿಯ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ಊರಿನ ಕಚೇರಿಯಲ್ಲಿ ಬ್ಯಾಂಕಿಗೆ ಬಂದ ಮೊತ್ತಕ್ಕೂ ಕಡತದಲ್ಲಿರುವ ಪಟ್ಟಿಗೂ ತಾಳೆಯಾದ ಮೇಲೆಯೇ ಒಬ್ಬೊಬ್ಬರ ಖಾತೆಗೆ ಜಮೆಯಾಗುತ್ತದೆಯಂತೆ. ನಾನು ಕಟ್ಟಿದ್ದು ಶುಕ್ರವಾರ ರಾತ್ರಿ, ಆ ದಿನದ ಕಡತ ಮುಚ್ಚಿದ ಮೇಲೆ. ಮರುದಿನ ತಿಂಗಳ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ. ಹೀಗಾಗಿ ಕಡತ ಅವರ ಕೈ ಸೇರಿದ್ದು ಸೋಮವಾರ, ತಾಳೆ ಮುಗಿಯದೆ ಉಳಿದದ್ದು ಮಂಗಳವಾರದವರೆಗೆ. ಲೈನ್‌ಮನ್ ಹಿಡಿದು ಬಂದ ಬಾಕಿದಾರರ ಪಟ್ಟಿಯನ್ನು ಅದಕ್ಕೂ ಮೊದಲೇ ಮುದ್ರಿಸಿದ್ದರು. ಆತನ ತಪ್ಪೂ ಇಲ್ಲ, ಅಪ್ಪನ ತಪ್ಪೂ ಇಲ್ಲ.

ಆದರೆ ಈ ಸಂಗತಿಯನ್ನು ತಿಳಿಯಲು ಬೇಕಾಗಿದ್ದ ಸಂಖ್ಯೆಯನ್ನೇ ನಾನು ತಪ್ಪು ಕೊಟ್ಟಿದ್ದೆ. ಬ್ಯಾಂಕಿನ ಸಂದೇಶದಲ್ಲಿದ್ದ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆಯನ್ನು ಅಪ್ಪನಿಗೆ ಕಳಿಸಿದ್ದೆ. ಅದನ್ನು ಸಹಾಯಕಿಯವರು ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಆ ಸಂಖ್ಯೆ ನನ್ನ ಬ್ಯಾಂಕಿನಿಂದ ಹಣ ಹೊರಟಿತು ಎಂಬುದಕ್ಕೆ ಮಾತ್ರ ಸಾಕ್ಷಿ, ಯಾವ ಬಿಲ್ಲಿಗೆ ಎಂಬುದಕ್ಕಲ್ಲ. ಆ್ಯಪ್‌ನ ರಸೀದಿಯನ್ನು ಪೂರ್ತಿ ತೆರೆದು ನೋಡಿದಾಗ ಅಕ್ಷರ ಮತ್ತು ಅಂಕಿಗಳು ಬೆರೆತ, 20 ಸ್ಥಾನಗಳ ಭಾರತ್ ಕನೆಕ್ಟ್ ವ್ಯವಹಾರ ಸಂಖ್ಯೆ ಬೇರೆಯಾಗಿ ಕಂಡಿತು. ಅದನ್ನು ಓದಿ ಹೇಳಿದ ಎರಡೇ ನಿಮಿಷದಲ್ಲಿ "ನಿಮ್ಮದು ಸಿಕ್ಕಿತು, ಶನಿವಾರದ ಕಡತದಲ್ಲಿದೆ" ಎಂದರು.

ಅಪ್ಪ ಅಷ್ಟರಲ್ಲಿ ಕೌಂಟರಿನಲ್ಲಿ ಇನ್ನೊಮ್ಮೆ ಹಣ ಕಟ್ಟಿ ಮನೆಗೆ ಬರುವೆನೆಂದು ಹೊರಟಿದ್ದರು. ನಾನು ಬೇಡವೆಂದು ತಡೆದೆ. ಎರಡು ಸಲ ಕಟ್ಟಿದರೆ ಹೆಚ್ಚಿನ ಹಣ ಗಿರಣಿಯ ಖಾತೆಯಲ್ಲಿ ಮುಂಗಡವಾಗಿ ನಿಂತು ಮುಂದಿನ ಬಿಲ್ಲಿನಲ್ಲಿ ವಜಾ ಆಗುತ್ತದೆಯೇ ಹೊರತು ತಾನಾಗಿ ಬ್ಯಾಂಕಿಗೆ ಹಿಂತಿರುಗುವುದಿಲ್ಲ. ಮಳೆಗಾಲದ ಆರಂಭದಲ್ಲಿ 6,318 ರೂಪಾಯಿ ಅಲ್ಲಿ ಸಿಕ್ಕಿಕೊಳ್ಳುವುದು ಸಣ್ಣ ಮಾತಲ್ಲ. ಸಂಪರ್ಕ ಕಡಿತದ ಭಯಕ್ಕೂ ಒಂದು ಉತ್ತರವಿತ್ತು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೇ ಪ್ರಕರಣದಂತೆ ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಇದನ್ನು ನಾನು ಅಪ್ಪನಿಗೆ ಫೋನಿನಲ್ಲಿಯೇ ಹೇಳಿದೆ, ಅವರ ದನಿ ಸ್ವಲ್ಪ ಇಳಿಯಿತು.

ನಮ್ಮದು ತಡವಾದ ಪ್ರಕರಣ. ನಿಜವಾಗಿಯೂ ಬಾಕಿಯೇ ಆಗಿರುವ ಪ್ರಕರಣವೂ ಉಂಟು, ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ. ಬ್ಯಾಂಕಿನಿಂದ ಹಣ ಹೋಗಿದ್ದರೂ ಸಂದೇಶ ಕಂಪನಿಯ ಕಡೆಗೆ ಮುಟ್ಟದಿದ್ದರೆ ಆ್ಯಪ್‌ನಲ್ಲಿ ಪಾವತಿ ಪ್ರಕ್ರಿಯೆಯಲ್ಲಿದೆ ಎಂದು ಬರುತ್ತದೆ, ಕೊನೆಗೆ ವಿಫಲವಾಗಿ ಹಣ ಹಿಂದಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಕಟ್ಟಿದ ಹಣದ ದೃಢೀಕರಣ ಅವರಿಗೆ ತಲುಪದಿದ್ದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಆದ್ದರಿಂದ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ಮೊತ್ತ ಮರಳಿ ಜಮೆಯಾಗಿದೆಯೇ ಎಂದು ನೋಡಬೇಕು. ಮರಳಿದ್ದರೆ ಬಿಲ್ಲನ್ನು ಕಟ್ಟಲೇಬೇಕು, ಆ್ಯಪ್‌ನ ತೆರೆಯ ಹಳೆಯ ಚಿತ್ರ ತೋರಿಸಿ ಪ್ರಯೋಜನವಿಲ್ಲ.

ನಮ್ಮ ಅತ್ತಿಗೆಯ ಮನೆಯಲ್ಲಿ ಅಡುಗೆ ಅನಿಲದ ಪೈಪ್‌ಲೈನ್ ಬಿಲ್ಲಿಗೆ ಹೋದ ವರ್ಷ ಆದದ್ದು ಇನ್ನೊಂದು ಬಗೆ. ಬಾಡಿಗೆ ಮನೆ ಬದಲಿಸಿದ್ದರೂ ಆ್ಯಪ್‌ನಲ್ಲಿ ಉಳಿಸಿಟ್ಟಿದ್ದ ಹಳೆಯ ಮನೆಯ ಗ್ರಾಹಕ ಸಂಖ್ಯೆಗೇ ಹಣ ಹೋಗುತ್ತಿತ್ತು. ಹಣವೇನೋ ಸರಿಯಾಗಿ ಜಮೆಯಾಗಿತ್ತು, ಬೇರೆಯವರ ಖಾತೆಗೆ. ಇಂಥ ಸಂದರ್ಭದಲ್ಲಿ ಎಷ್ಟು ದಿನ ಕಾದರೂ ಬಾಕಿ ಹೋಗದು. ರಸೀದಿಯಲ್ಲಿರುವ ಗ್ರಾಹಕ ಸಂಖ್ಯೆಯನ್ನು ಮುದ್ರಿತ ಬಿಲ್ಲಿನೊಂದಿಗೆ ಅಂಕಿಗೆ ಅಂಕಿ ಹೋಲಿಸಿದಾಗ ಮಾತ್ರ ಅದು ಅವರ ಕಣ್ಣಿಗೆ ಬಿತ್ತು.

ನಿನ್ನೆ ಬುಧವಾರ ಸಂಜೆ ಗಿರಣಿಯ ಖಾತೆಯಲ್ಲಿ ಬಾಕಿ ಸೊನ್ನೆಯಾಯಿತು. ಆಗದಿದ್ದರೆ ಕಟ್ಟಿದ ಆ್ಯಪ್‌ನಲ್ಲಿಯೇ ಆ ವ್ಯವಹಾರವನ್ನು ತೆರೆದು, ಪಾವತಿ ಯಶಸ್ವಿಯಾದರೂ ಖಾತೆ ಪರಿಷ್ಕರಣೆಯಾಗಿಲ್ಲ ಎಂಬ ದೂರನ್ನು ಭಾರತ್ ಕನೆಕ್ಟ್ ಮೂಲಕ ಸಲ್ಲಿಸಬೇಕೆಂದು ಎಣಿಸಿದ್ದೆ, ಅದರ ಅಗತ್ಯ ಬೀಳಲಿಲ್ಲ. ಜಮೆಯಾದದ್ದು 18ರಂದಾದರೂ ಪಾವತಿಯ ದಿನಾಂಕ 13 ಎಂದೇ ಬರೆದಿದ್ದಾರೆ. ಜುಲೈ ಬಿಲ್ಲು ಬಂದಾಗ ತಡ ಪಾವತಿಯ ಬಡ್ಡಿ ಸೇರಿದೆಯೇ ಎಂದು ನೋಡಲು ಅಪ್ಪನಿಗೆ ಹೇಳಿದ್ದೇನೆ. ಸೇರಿದ್ದರೆ ಆ 20 ಸ್ಥಾನಗಳ ಸಂಖ್ಯೆ ಬರೆದ ಚೀಟಿಯನ್ನು ಹಿಡಿದು ಅದೇ ಕಚೇರಿಗೆ ಹೋಗಬೇಕು.