ಯಜಮಾನರು ರುಮಾಲು ತೆಗೆದಾಗ: ತಲೆಯ ಯುವಿ ಬಿಚ್ಚುವವರಿಗೆ ಒಂದು ಪಾಠ

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ವಾರ ನಾನು ಕೊಡುವ ಕೆಲಸ ಒಂದೇ. ಮನುಷ್ಯನ ತಲೆಯ ಮೂರು ಆಯಾಮದ ಮಾದರಿಯೊಂದನ್ನು ಬ್ಲೆಂಡರ್ ತಂತ್ರಾಂಶದಲ್ಲಿ ತೆರೆದು ಅದರ ಯುವಿ ಬಿಚ್ಚಬೇಕು, ಅಂದರೆ ಬಣ್ಣ ಹಚ್ಚಲು ಅದರ ಮೈಯನ್ನು ಚಪ್ಪಟೆ ಹಾಳೆಯಾಗಿ ಹರಡಬೇಕು. ಪ್ರತಿ ಸಲ ಕುರ್ಚಿಯ ಪಕ್ಕದಲ್ಲಿ ನಿಂತು ಹೇಳುತ್ತಿದ್ದುದನ್ನು ಈ ಬಾರಿ ಬರೆದುಕೊಡುತ್ತಿದ್ದೇನೆ. ಪಾಠಕ್ಕೆ ಮುಂಚೆ ನಾನೇ ಕೆಡಿಸಿದ ಒಂದು ತಲೆಯ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಮಕ್ಕಳ ಸರಣಿಯೊಂದಕ್ಕೆ ಊರಿನ ಹಿರಿಯ ಯಜಮಾನರ ಪಾತ್ರ ಮಾಡುತ್ತಿದ್ದೆ. ತಲೆಗೆ ದಪ್ಪನೆಯ ಬಿಳಿ ರುಮಾಲು. ಕೊಟ್ಟಿದ್ದ ಚಿತ್ರಗಳಲ್ಲೆಲ್ಲ ರುಮಾಲು ಇತ್ತು. ಹೇಗೂ ಮುಚ್ಚುತ್ತದೆ ಎಂದು ನೆತ್ತಿಯ ಮೇಲೆ, ಹಣೆಗೆ ತೀರಾ ಹತ್ತಿರದಲ್ಲಿ, ಕಿವಿಯಿಂದ ಕಿವಿಗೆ ಅಡ್ಡಲಾಗಿ ಹೊಲಿಗೆ ಹಾಕಿದೆ. ಯುವಿ ಸೊಗಸಾಗಿ ಬಿಚ್ಚಿಕೊಂಡಿತು, ಎಲ್ಲೂ ಎಳೆತವಿಲ್ಲ. ನಾಲ್ಕು ತಿಂಗಳ ನಂತರ ಬಂದ ಕಂತಿನಲ್ಲಿ ಯಜಮಾನರು ದೇವರ ಮುಂದೆ ರುಮಾಲು ಬಿಚ್ಚಿ ತಲೆಬಾಗಿಸುತ್ತಾರೆ, ಕ್ಯಾಮೆರಾ ಮೇಲಿನಿಂದ ಇಳಿಯುತ್ತದೆ. ಬೋಳು ನೆತ್ತಿಯ ಮೇಲೆ ತೆಂಗಿನಕಾಯಿ ಒಡೆದ ಗುರುತಿನಂತೆ ಗೆರೆಯೊಂದು ಅಡ್ಡಲಾಗಿ ಹೊಳೆಯುತ್ತಿತ್ತು.

ಈಗ ಹೊಲಿಗೆ ಎಂದರೇನು ಎಂಬುದಕ್ಕೆ ಬರೋಣ. ಬಿಚ್ಚುವಾಗ ಕತ್ತರಿ ಹಾಕುವ ಗೆರೆಯೇ ಹೊಲಿಗೆ, ಬ್ಲೆಂಡರ್‌ನಲ್ಲಿ ಸೀಮ್. ಪದ ದರ್ಜಿಯದೇ, ಕೆಲಸವೂ ದರ್ಜಿಯದೇ, ತಿರುಗುಮುರುಗಾಗಿ ಅಷ್ಟೆ. ದರ್ಜಿ ಚಪ್ಪಟೆ ಬಟ್ಟೆಗೆ ಟಕ್ಸ್ ಹಿಡಿದು ಉಬ್ಬು ತರುತ್ತಾನೆ. ನಾವು ಉಬ್ಬಿರುವ ತಲೆಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತೇವೆ. ಗೋಳದಂತೆ ಬಾಗಿದ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಹಾಳೆಯ ಮೇಲೆ ಹರಡಲಾಗದು ಎಂಬುದನ್ನು ಗಾಸ್ 1827ರಷ್ಟು ಹಿಂದೆಯೇ ತೋರಿಸಿದ್ದಾನೆ. ಹಾಗಾಗಿ ಎಳೆತ ಪೂರ್ತಿ ಇಲ್ಲವಾಗುವುದಿಲ್ಲ. ಕತ್ತರಿ ಹಾಕಿದಷ್ಟೂ ಎಳೆತ ಕಡಿಮೆ, ಗೆರೆ ಹೆಚ್ಚು. ಯಾವ ಜಾಗದಲ್ಲಿ ಯಾವುದನ್ನು ಸಹಿಸಬಹುದು ಎಂಬ ಲೆಕ್ಕಾಚಾರವೇ ಈ ಕೆಲಸ.

ಕತ್ತರಿ ಹಿಡಿಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ತಲೆಯ ಮಾದರಿಯನ್ನು ಒಂದು ಕಡೆಗೆ ಎಳೆದು ಗಾತ್ರ ಬದಲಿಸಿದ್ದರೆ, Object Mode ನಲ್ಲಿ Ctrl+A ಒತ್ತಿ Scale ಆರಿಸಿ. ಇಲ್ಲವಾದರೆ ಬ್ಲೆಂಡರ್ ಹಳೆಯ ಅಳತೆಯ ಮೇಲೆಯೇ ಬಿಚ್ಚುತ್ತದೆ, ಚೌಕಗಳೆಲ್ಲ ಆಯತಗಳಾಗುತ್ತವೆ. ಎರಡನೆಯದು, ಅರ್ಧ ತಲೆ ಮಾಡಿ Mirror ಹಾಕಿದ್ದರೆ ಅದನ್ನು ಮೊದಲು Apply ಮಾಡಿ. ಮಾಡದಿದ್ದರೆ ಎಡಬಲ ಎರಡೂ ಒಂದೇ ಜಾಗದ ಬಣ್ಣ ಪಡೆಯುತ್ತವೆ, ಎಡಗೆನ್ನೆಯ ಮಚ್ಚೆ ಬಲಗೆನ್ನೆಗೂ ಬರುತ್ತದೆ. Apply ಮಾಡಿದ ಮೇಲೂ ನಡುಗೆರೆಯ ಬಿಂದುಗಳು ಬೆಸೆದಿವೆಯೇ ನೋಡಿ. Edit Mode ಗೆ ಹೋಗಿ ಎಲ್ಲವನ್ನೂ ಆರಿಸಿ M ಒತ್ತಿ By Distance ಕೊಟ್ಟರೆ ಒಂದರ ಮೇಲೊಂದು ಕುಳಿತ ಬಿಂದುಗಳು ಒಂದಾಗುತ್ತವೆ. ನೀವು ಹೊಲಿಗೆಯನ್ನೇ ಹಾಕದಿದ್ದರೂ ಮುಖ ಮೂಗಿನ ನಡುವೆ ಎರಡು ಹೋಳಾಗಿ ಬಿಚ್ಚಿಕೊಂಡರೆ ಕಾರಣ ಸಾಮಾನ್ಯವಾಗಿ ಇದೇ.

ಈಗ ಮುಖ್ಯ ಹೊಲಿಗೆ. ಕತ್ತಿನ ಕೆಳತುದಿ ತೆರೆದೇ ಇರುತ್ತದೆ, ಅಲ್ಲಿ ಕತ್ತರಿ ಬೇಡ. ಅಲ್ಲಿಂದ ಹೆಡತಲೆಯ ನಟ್ಟನಡುವೆ ಮೇಲಕ್ಕೆ ನೆತ್ತಿಯವರೆಗೆ ಒಂದು ಉದ್ದ ಹೊಲಿಗೆ ಬರಬೇಕು. ಎರಡು ಬಿಂದುಗಳನ್ನು ಸೇರಿಸುವ ಗೆರೆಗೆ ಅಂಚು ಎನ್ನುತ್ತೇವೆ. ಕೆಳಗಿನ ಅಂಚನ್ನು ಆರಿಸಿ, Ctrl ಹಿಡಿದು ನೆತ್ತಿಯ ಅಂಚನ್ನು ಒತ್ತಿದರೆ ನಡುವಿನ ದಾರಿ ತಾನಾಗಿ ಆಯ್ಕೆಯಾಗುತ್ತದೆ. ಆಮೇಲೆ Ctrl+E ಒತ್ತಿ Mark Seam. ಹೊಲಿಗೆಯನ್ನು ಹಣೆಯ ಕೂದಲಂಚಿನವರೆಗೆ ಒಯ್ಯಬೇಡಿ, ಮೂರು ನಾಲ್ಕು ಅಂಚುಗಳಷ್ಟು ಹಿಂದೆಯೇ ನಿಲ್ಲಿಸಿ. ಪಾತ್ರಕ್ಕೆ ದಟ್ಟ ಕೂದಲಿದ್ದರೆ ಆ ತುದಿಯಿಂದ ಎರಡೂ ಕಡೆಗೆ, ಕಿವಿಯ ಮೇಲ್ಭಾಗದತ್ತ, ಗಿಡ್ಡ ಕವಲುಗಳನ್ನು ಹಾಕಬಹುದು. ಇಂಗ್ಲಿಷಿನ T ಆಕಾರ. ನೆತ್ತಿಯ ಎಳೆತ ಇದರಿಂದ ಕಣ್ಣಿಗೆ ಕಾಣುವಷ್ಟು ಸಡಿಲವಾಗುತ್ತದೆ. ಯಜಮಾನರ ತಲೆಯಲ್ಲಿ ನಾನು ಹಾಕಿದ್ದು ಇದೇ ಕವಲುಗಳನ್ನು, ಆದರೆ ತುಂಬ ಮುಂದಕ್ಕೆ, ಕೂದಲೇ ಇಲ್ಲದ ತಲೆಗೆ.

ಕಿವಿ ಹೊಸಬರನ್ನು ಅಳಿಸುವ ಜಾಗ. ಹೊಲಿಗೆ ಹಾಕದೆ ಬಿಟ್ಟರೆ ಇಡೀ ಕಿವಿ ಅಂಗೈಯಗಲದ ಬದಲು ಹುಣಸೆಬೀಜದಷ್ಟು ಜಾಗಕ್ಕೆ ಮುದುಡಿಕೊಳ್ಳುತ್ತದೆ. ಕಿವಿ ತಲೆಗೆ ಸೇರುವ ಕಡೆ ಸುತ್ತಲೂ ಒಂದು ಉಂಗುರ ಹಾಕಿ. ಹಿಂಭಾಗದಲ್ಲಿ ಈ ಉಂಗುರ ಕಿವಿಯ ಹಿಂದಿನ ಮಡಿಕೆಯ ಆಳದಲ್ಲೇ ಸಾಗಲಿ. ಮುಂಭಾಗದಲ್ಲಿ ಮಾತ್ರ ಎಚ್ಚರ ಬೇಕು: ಕೆನ್ನೆಯ ಮೇಲೆ ಬರಕೂಡದು, ಕಿವಿ ಶುರುವಾಗುವ ಸಣ್ಣ ಗೀರಿನಲ್ಲಿ ಕೂರಬೇಕು. ಅಲ್ಲಿ ಹೇಗೂ ನೆರಳಿರುತ್ತದೆ. ಇನ್ನೊಂದು ಗಿಡ್ಡ ಹೊಲಿಗೆ ಕಿವಿಯ ಬೆನ್ನಿನ ಮೇಲೆ, ಉಂಗುರದಿಂದ ಹೊರಟು ಹೊರಅಂಚಿಗೆ ಸ್ವಲ್ಪ ಮುಂಚೆ ನಿಲ್ಲಲಿ. ಬ್ಲೌಸಿಗೆ ಹಿಡಿದ ಟಕ್ಸನ್ನು ಬಿಚ್ಚಿದಂತೆ ಬಟ್ಟಲಿನಂತಿದ್ದ ಕಿವಿ ಅಗಲವಾಗುತ್ತದೆ. ಮುಂದಿನ ಗೀರಿನಲ್ಲಿ ಬಣ್ಣ ಹೊಂದಿಸುವ ಕೆಲಸ ಉಳಿಯುತ್ತದೆ, ನಿಜ. ಅದನ್ನು ಯುವಿ ಹಾಳೆಯ ಮೇಲೆ ಮಾಡಹೋಗಬೇಡಿ. ತಲೆಯ ಮಾದರಿಯ ಮೇಲೆಯೇ ನೇರವಾಗಿ ಕುಂಚ ಎಳೆದರೆ ಎರಡೂ ಬದಿಗೆ ಒಂದೇ ಬಣ್ಣ ಬೀಳುತ್ತದೆ.

ಬಾಯಿ, ಕಣ್ಣು, ಮೂಗಿಗೆ ಒಂದೇ ಸೂತ್ರ: ಕಾಣುವ ಅಂಚಿನಲ್ಲಿ ಬೇಡ, ಒಳಕ್ಕೆ ತಿರುಗಿದ ಮೇಲೆ ಹಾಕಿ. ತುಟಿಗಳು ಕೂಡುವ ಗೆರೆಯಿಂದ ಎರಡು ಮೂರು ಸುತ್ತು ಒಳಗೆ ಉಂಗುರ ಹಾಕಿದರೆ ಬಾಯಿಯ ಒಳಚೀಲ ಬೇರೆ ತುಂಡಾಗುತ್ತದೆ, ಪಾತ್ರ ನಕ್ಕರೂ ಗೆರೆ ಕಾಣದು. ರೆಪ್ಪೆಯ ಒಳಗೂ ಹಾಗೆಯೇ. ಮೂಗಿನ ಹೊಳ್ಳೆ ಆಳವಿಲ್ಲದಿದ್ದರೆ ಬಿಟ್ಟುಬಿಡಿ.

ಎಲ್ಲವನ್ನೂ A ಒತ್ತಿ ಆರಿಸಿ, U ಒತ್ತಿ Unwrap ಮಾಡಿ, ವಿಧಾನ Angle Based ಇರಲಿ. ಮುಖ ವಾಲಿಕೊಂಡು ಬಿಚ್ಚಿಕೊಂಡರೆ ಗಾಬರಿ ಬೇಡ, ಅದು ಸಾಮಾನ್ಯ. ಯುವಿ ಕಿಟಕಿಯಲ್ಲಿ ಅದನ್ನು ಕೈಯಿಂದ ನೆಟ್ಟಗೆ ತಿರುಗಿಸಿ. ಹಣೆಯಿಂದ ಮೂಗಿನ ಮೇಲೆ ಹಾದು ಗದ್ದದವರೆಗಿನ ನಡುಗೆರೆಯನ್ನು ಮಾತ್ರ ಆರಿಸಿ S, X, 0, Enter ಒತ್ತಿದರೆ ಅದು ದಾರ ಹಿಡಿದಂತೆ ನೇರವಾಗುತ್ತದೆ. P ಒತ್ತಿ ಅದನ್ನು ಗುಂಡುಪಿನ್ನಿನಂತೆ ಚುಚ್ಚಿಡಿ, ಎಲ್ಲವನ್ನೂ ಆರಿಸಿ ಮತ್ತೆ Unwrap ಮಾಡಿ. ಎಡಬಲ ಕೆನ್ನೆಗಳು ಆ ಗೆರೆಯ ಎರಡು ಬದಿಗೆ ಸರಿಸಮನಾಗಿ ಹರಡುತ್ತವೆ.

ಈಗ ಪರೀಕ್ಷೆ. ಹೊಸ ಚಿತ್ರ ತೆರೆಯುವಾಗ Color Grid ಆರಿಸಿ ತಲೆಗೆ ಹಚ್ಚಿ. ಚೌಕಗಳು ಚೌಕವಾಗಿಯೇ ಇವೆಯೇ, ಮೂಗಿನ ಮೇಲಿನ ಚೌಕಕ್ಕೂ ಕೆನ್ನೆಯ ಚೌಕಕ್ಕೂ ಗಾತ್ರ ಹೆಚ್ಚುಕಡಿಮೆ ಒಂದೇ ಇದೆಯೇ ನೋಡಿ. ಯುವಿ ಕಿಟಕಿಯ Overlays ಪಟ್ಟಿಯಲ್ಲಿ Display Stretch ಹಾಕಿದರೆ ಎಳೆತ ಬಣ್ಣದಲ್ಲಿ ಕಾಣುತ್ತದೆ: ನೀಲಿ ಒಳ್ಳೆಯದು, ಕೆಂಪು ಕೆಟ್ಟದ್ದು. ಇಡೀ ತಲೆ ನೀಲಿಯಾಗಲೆಂದು ಹೊಸಬರು ಹೊಲಿಗೆಯ ಮೇಲೆ ಹೊಲಿಗೆ ಹಾಕುವುದನ್ನು ನಾನು ನೋಡಿದ್ದೇನೆ. ಗದ್ದದ ಕೆಳಗೆ ಹಸಿರು ಬರುವುದು ಸಹಜ. ಅದಕ್ಕಾಗಿ ಕತ್ತಿನ ಮುಂದುಗಡೆ ಕತ್ತರಿ ಹಾಕಿದರೆ ಪಾತ್ರ ತಲೆ ಎತ್ತಿದಾಗಲೆಲ್ಲ ಗಂಟಲ ಮೇಲೆ ಗೆರೆ ಕಾಣುತ್ತದೆ. ದವಡೆಯ ನೆರಳಿನಲ್ಲಿ ಚರ್ಮದ ರಂಧ್ರಗಳು ಕೊಂಚ ಉದ್ದವಾಗಿದ್ದರೆ ಯಾರೂ ಗಮನಿಸುವುದಿಲ್ಲ. ಮೂಗು, ತುಟಿ, ಕಣ್ಣಿನ ಸುತ್ತ ಮಾತ್ರ ಹಸಿರನ್ನೂ ನಾನು ಒಪ್ಪುವುದಿಲ್ಲ.

ತುಂಡುಗಳನ್ನು ಜೋಡಿಸುವಾಗ ಬಾಯಿಯ ಒಳಚೀಲವನ್ನು ಧಾರಾಳವಾಗಿ ಕುಗ್ಗಿಸಿ, ಕತ್ತಲೆಯ ಜಾಗಕ್ಕೆ ಅಷ್ಟು ಪಿಕ್ಸೆಲ್ ಬೇಡ. ತುಂಡುಗಳ ನಡುವೆ ಎಷ್ಟು ಅಂತರ ಎಂಬುದಕ್ಕೆ ಲೆಕ್ಕವಿದೆ. ಪಾತ್ರ ದೂರ ಹೋದಂತೆ ಗೇಮ್ ಎಂಜಿನ್ ಚಿತ್ರದ ಸಣ್ಣ ಪ್ರತಿಗಳನ್ನು ಬಳಸುತ್ತದೆ, ಪ್ರತಿ ಹಂತದಲ್ಲೂ ಅರ್ಧ. 2048 ಪಿಕ್ಸೆಲ್ ಅಗಲದ ಚಿತ್ರದಲ್ಲಿ 8 ಪಿಕ್ಸೆಲ್ ಅಂತರ 1024ರಲ್ಲಿ 4, 512ರಲ್ಲಿ 2, 256ರಲ್ಲಿ ಒಂದೇ ಪಿಕ್ಸೆಲ್. ಅದರಾಚೆ ಕಿವಿಯ ಬಣ್ಣ ಹೆಡತಲೆಗೆ ಸೋರುತ್ತದೆ. ಹೀಗಾಗಿ 16 ಪಿಕ್ಸೆಲ್ ಬಿಡುತ್ತೇನೆ: Pack Islands ನಲ್ಲಿ Margin Method ಅನ್ನು Fraction ಎಂದಿಟ್ಟು ಸುಮಾರು 0.008. ಆ ಖಾಲಿ ಜಾಗಕ್ಕೂ ಎರಡು ಕಡೆಯಿಂದ ಚರ್ಮದ ಬಣ್ಣವನ್ನು ಹರಿಸಿರಬೇಕು. ಹತ್ತಿರದಿಂದ ಕಾಣದ ಗೆರೆ ದೂರದಿಂದ ಮಾತ್ರ ಬಿಳಿಯಾಗಿ ಕಂಡರೆ ಹೊಲಿಗೆಯ ಜಾಗವನ್ನು ಬೈಯಬೇಡಿ, ಈ ಅಂತರವನ್ನು ನೋಡಿ.

ಯಜಮಾನರ ನೆತ್ತಿಗೆ ಮರಳುತ್ತೇನೆ. ಬಣ್ಣವೆಲ್ಲ ಮುಗಿದಿದ್ದ ತಲೆ, ಹೊಸದಾಗಿ ಬಿಚ್ಚಿದರೆ ಎಲ್ಲ ಹೋಯಿತು ಎಂದು ಮೊದಲು ಕಂಗಾಲಾಗಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು: "ಹಳೆಯ ಯುವಿಯನ್ನು ಅಳಿಸಬೇಡಪ್ಪ, ಪಕ್ಕದಲ್ಲಿ ಇನ್ನೊಂದು ಇಟ್ಟುಕೋ." UV Maps ಪಟ್ಟಿಗೆ ಇನ್ನೊಂದನ್ನು ಸೇರಿಸಿ, ಅಡ್ಡ ಕವಲುಗಳನ್ನು Clear Seam ಮಾಡಿ, ಉದ್ದ ಹೊಲಿಗೆಯನ್ನು ನೆತ್ತಿಯ ಹಿಂಬದಿಯಲ್ಲೇ ನಿಲ್ಲಿಸಿ ಬಿಚ್ಚಿದೆ. ನೆತ್ತಿಯಲ್ಲಿ ಹಸಿರು ಹೆಚ್ಚಿತು, ಒಪ್ಪಿಕೊಂಡೆ. ಹಳೆಯ ಚಿತ್ರವನ್ನು UV Map ನೋಡ್ ಮೂಲಕ ಹಳೆಯ ಯುವಿಗೇ ಕಟ್ಟಿಹಾಕಿ, ಅದರ ಬಣ್ಣವನ್ನು Emission ನೋಡ್‌ಗೆ ಜೋಡಿಸಿ, ಹೊಸ ಯುವಿಯನ್ನು ಪಟ್ಟಿಯಲ್ಲಿ ಆರಿಸಿಟ್ಟು, ಹೊಸ ಖಾಲಿ ಚಿತ್ರಕ್ಕೆ Emit ವಿಧಾನದಲ್ಲಿ ಬೇಕ್ ಮಾಡಿದೆ. ಬಣ್ಣ ಪೂರ್ತಿ ಹೊಸ ಹಾಳೆಗೆ ಬಂತು, ಜೊತೆಗೆ ಆ ಗೆರೆಯೂ ಬಂತು. ಆದರೆ ಈಗ ಅದು ಕೇವಲ ಬಣ್ಣದ ಗೆರೆ, ಕೆಳಗೆ ಹೊಲಿಗೆಯಿಲ್ಲ. ಪಕ್ಕದ ಚರ್ಮವನ್ನು ಎತ್ತಿ ಹಚ್ಚುವ ಕ್ಲೋನ್ ಕುಂಚದಿಂದ ಅರ್ಧ ಗಂಟೆಯಲ್ಲಿ ಅಳಿಸಿದೆ.

ಸುಕ್ಕುಗಳ ಉಬ್ಬುತಗ್ಗನ್ನು ಬೆಳಕಿನಲ್ಲಿ ತೋರಿಸುವ ಚಿತ್ರವಾದ ನಾರ್ಮಲ್ ಮ್ಯಾಪ್‌ಗೆ ಮಾತ್ರ ಈ ಉಪಾಯ ನಡೆಯಲಿಲ್ಲ. ಅದರ ಪ್ರತಿ ಪಿಕ್ಸೆಲ್ಲಿನ ದಿಕ್ಕು ಯುವಿ ಹರಡಿರುವ ದಿಕ್ಕಿಗೆ ಅಂಟಿಕೊಂಡಿರುತ್ತದೆ. ಬಣ್ಣದಂತೆ ನಕಲಿಸಿದಾಗ ಸುಕ್ಕುಗಳ ಮೇಲೆ ಬೆಳಕು ತಪ್ಪು ಕಡೆಯಿಂದ ಬಿದ್ದಂತೆ ಕಂಡಿತು. ಮೂಲ ಶಿಲ್ಪದ ಫೈಲನ್ನು ಹುಡುಕಿ ತೆಗೆದು ಮತ್ತೆ ಬೇಕ್ ಮಾಡಬೇಕಾಯಿತು, ಅದಕ್ಕೊಂದು ಇಡೀ ದಿನ ಹೋಯಿತು. ಈಗ ಹೊಸ ಪಾತ್ರದ ಚಿತ್ರ ಮೇಜಿಗೆ ಬಂದಾಗ ನಿರ್ದೇಶಕರಿಗೆ ನಾನು ಕೇಳುವ ಮೊದಲ ಪ್ರಶ್ನೆಗೆ ಅವರು ಪ್ರತಿ ಸಲವೂ ನಗುತ್ತಾರೆ: "ಇವರು ಯಾವಾಗಲಾದರೂ ತಲೆಯ ಮೇಲಿನದನ್ನು ತೆಗೆಯುತ್ತಾರೆಯೇ?"